ಟೇಪ್, ಪ್ಲಾಟ್‌ಫಾರ್ಮ್ ಮಷಿನ್, ಬಾತ್‌ರೂಮ್ ಮಷಿನ್: ವೀಲ್‌ಚೇರಿನವರ ತೂಕ ನೋಡಲು ಯಾವುದು ಸರಿ?

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಮಲಗಿದಲ್ಲೇ ಹೊಟ್ಟೆಗೆ ಟೇಪ್ ಹಿಡಿಯುವುದು, ತಿಂಗಳಿಗೊಮ್ಮೆ ಎಲ್ಲಾದರೂ ವೀಲ್‌ಚೇರ್ ಸಮೇತ ತೂಗುವ ಪ್ಲಾಟ್‌ಫಾರ್ಮ್ ಮಷಿನ್ ಸಿಕ್ಕರೆ ಅದರ ಮೇಲೆ ಹೋಗುವುದು. ಮನೆಯಲ್ಲಿ ನಿಂತು ನೋಡುವ ಬಾತ್‌ರೂಮ್ ಮಷಿನ್‌ನಿಂದ ಜುಗಾಡ್ ಮಾಡುವುದು ಬೇಡ. ಎಲ್ಲರೂ ಮೊದಲು ಕೈ ಹಾಕುವುದು ಆ ಜುಗಾಡಿಗೇ ಆದ್ದರಿಂದ ಹೆಚ್ಚು ಮಾತು ಅದರ ಬಗ್ಗೆಯೇ ಇರುತ್ತದೆ.

ಅಳತೆಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡದಿದ್ದರೆ ದೇಹ ಸುಡುವ ಕ್ಯಾಲರಿಯೇ ಕಡಿಮೆ. ಬೆನ್ನುಹುರಿ ಗಾಯದವರ ಆಹಾರ ಲೆಕ್ಕದಲ್ಲಿ ಬಳಸುವ ಅಂದಾಜು ಇದು: ಕಾಲಿನ ಸ್ವಾಧೀನ ಮಾತ್ರ ಹೋದವರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 28 ಕ್ಯಾಲರಿ, ಕೈಕಾಲು ಎರಡರ ಸ್ವಾಧೀನವೂ ಹೋದವರಿಗೆ ಸುಮಾರು 23. ಇಷ್ಟರಲ್ಲಿ ದಿನಕ್ಕೆ 250 ಕ್ಯಾಲರಿ ಕಡಿಮೆ ಮಾಡುವುದೇ ದೊಡ್ಡದು. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇರುವುದರಿಂದ ಅದರ ಫಲ ತಿಂಗಳಿಗೆ ಒಂದು ಕೆ.ಜಿ. ಆಸುಪಾಸು. ನಿಮ್ಮ ಅಳತೆಯೇ ಎರಡು ಕೆ.ಜಿ. ಅತ್ತಿತ್ತ ಓಲಾಡಿದರೆ ಆ ತಿಂಗಳ ಪಥ್ಯ ಫಲ ಕೊಟ್ಟಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಈಗ ಬಾತ್‌ರೂಮ್ ಮಷಿನ್. ಅದರ ಅಗಲ ಮೂವತ್ತು ಸೆಂ.ಮೀ. ಆಸುಪಾಸು, ಕುರ್ಚಿಯ ಎರಡು ದೊಡ್ಡ ಗಾಲಿಗಳ ನಡುವಿನ ಅಂತರ ಅದರ ಹತ್ತಿರ ಹತ್ತಿರ ಎರಡರಷ್ಟು. ಹಾಗಾಗಿ ಮಷಿನ್ ಮೇಲೆ ಅಡ್ಡ ಹಲಗೆಯಿಟ್ಟು, ಮೊದಲು ಹಿಂದಿನ ಗಾಲಿಗಳ ಭಾರ, ಆಮೇಲೆ ಮುಂದಿನ ಚಿಕ್ಕ ಗಾಲಿಗಳ ಭಾರ ನೋಡಿ ಎರಡನ್ನೂ ಕೂಡಿಸುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಯೇ. ತಪ್ಪುವುದು ನೆಲ ಮತ್ತು ಹಲಗೆಯ ಎತ್ತರದ ವ್ಯತ್ಯಾಸದಲ್ಲಿ.

ಒಂದು ಉದಾಹರಣೆ ನೋಡಿ. ವ್ಯಕ್ತಿ 74.2, ಕುರ್ಚಿ 14.2, ಕುಶನ್ 1.6, ಒಟ್ಟು 90 ಕೆ.ಜಿ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 40 ಸೆಂ.ಮೀ., ಭಾರದ ಕೇಂದ್ರ ನೆಲದಿಂದ 50 ಸೆಂ.ಮೀ. ಮೇಲೆ. ಸಮತಟ್ಟಾಗಿ ನಿಂತಾಗ ಹಿಂದೆ 63, ಮುಂದೆ 27 ಕೆ.ಜಿ. ಬೀಳುತ್ತದೆ ಅಂದುಕೊಳ್ಳಿ. ಮಷಿನ್ ಮತ್ತು ಹಲಗೆ ಸೇರಿ 4 ಸೆಂ.ಮೀ. ಎತ್ತರ. ಹಿಂದಿನ ಗಾಲಿಗಳನ್ನು ಅದರ ಮೇಲೆ ಹತ್ತಿಸಿದರೆ ಕುರ್ಚಿ ಮುಂದಕ್ಕೆ ವಾಲುತ್ತದೆ, ಭಾರದ ಕೇಂದ್ರ ಸುಮಾರು 5 ಸೆಂ.ಮೀ. ಮುಂದೆ ಸರಿಯುತ್ತದೆ, ಹಿಂದಿನ ಗಾಲಿಗಳಿಂದ 11 ಕೆ.ಜಿ.ಗೂ ಸ್ವಲ್ಪ ಹೆಚ್ಚು ಮುಂದಕ್ಕೆ ಹೋಗುತ್ತದೆ. ಮಷಿನ್ 52ರ ಹತ್ತಿರ ತೋರಿಸುತ್ತದೆ. ಮುಂದಿನ ಗಾಲಿಗಳನ್ನು ಹತ್ತಿಸಿದಾಗ ಅದೇ ಕಥೆ ಉಲ್ಟಾ: 27 ಇರಬೇಕಾದಲ್ಲಿ 16ರ ಹತ್ತಿರ. ಕೂಡಿಸಿದರೆ 67.5. ಅಂದರೆ 22 ಕೆ.ಜಿ.ಗೂ ಹೆಚ್ಚು ಮಾಯ! ಗಮನಿಸಿ, ಎರಡು ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುವುದಿಲ್ಲ, ಎರಡೂ ತೂಕವನ್ನು ಕಡಿಮೆಯೇ ತೋರಿಸುತ್ತವೆ.

ಮಷಿನ್ ಮೇಲಿಲ್ಲದ ಗಾಲಿಗಳ ಕೆಳಗೆ ಅಷ್ಟೇ ಎತ್ತರದ ಮರದ ತುಂಡು ಕೊಡುವುದು ಇದಕ್ಕೆ ಉಪಾಯ. ಆದರೆ ಅಷ್ಟೇ ಎಂದರೆ ಅಷ್ಟೇ ಇರಬೇಕು. ಮೇಲಿನ ಕುರ್ಚಿಯಲ್ಲೇ ತುಂಡು ಬರೀ 3 ಮಿ.ಮೀ. ಗಿಡ್ಡವಾದರೆ ಒಟ್ಟು ಸುಮಾರು 1.7 ಕೆ.ಜಿ. ಕಡಿಮೆ ಬರುತ್ತದೆ, ಅಂದರೆ ಒಂದೂವರೆ ತಿಂಗಳಿಗೂ ಹೆಚ್ಚಿನ ಪಥ್ಯದಷ್ಟು. ಹಲಗೆ ಭಾರಕ್ಕೆ ಬಾಗಿದರೂ, ನೆಲದ ಟೈಲ್ ಒಂದು ಕಡೆ ಇಳಿಜಾರಾಗಿದ್ದರೂ ಅಂಕಿ ಬದಲಾಗುತ್ತದೆ. ಈ ವಾರ ಅಡುಗೆಮನೆಯಲ್ಲಿ, ಮುಂದಿನ ವಾರ ವರಾಂಡದಲ್ಲಿ ತೂಗಿದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಪರೀಕ್ಷಿಸಲು ಸುಲಭದ ದಾರಿ ಇದೆ: ಹತ್ತು ನಿಮಿಷದಲ್ಲಿ ಮೂರು ಸಲ ಇಳಿದು ಹತ್ತಿ ತೂಗಿ. ಮೂರೂ ಅರ್ಧ ಕೆ.ಜಿ. ಒಳಗೆ ಬರದಿದ್ದರೆ ಆ ಏರ್ಪಾಡನ್ನು ನಂಬಬೇಡಿ. ಮೂರೂ ಒಂದೇ ಬಂದರೆ ಅಂಕಿ ಸ್ಥಿರವಾಗಿದೆ ಎಂದಷ್ಟೇ ಅರ್ಥ, ಸರಿಯಾಗಿದೆ ಎಂದಲ್ಲ.

ಎರಡು ಮಷಿನ್ ಕೊಂಡು ಮುಂದೊಂದು ಹಿಂದೊಂದು ಇಟ್ಟು ಒಂದೇ ಕ್ಷಣದಲ್ಲಿ ಎರಡನ್ನೂ ಓದಿದರೆ ವಾಲಿದರೂ ಮೊತ್ತ ಸರಿ ಬರುತ್ತದೆ, ಏಕೆಂದರೆ ಒಂದರಿಂದ ಹೋದ ಭಾರ ಇನ್ನೊಂದರಲ್ಲಿ ಸಿಗುತ್ತದೆ. ತೊಂದರೆ ಏನೆಂದರೆ ಡಿಜಿಟಲ್ ಮಷಿನ್‌ಗಳು ತಮಗೆ ಬೇಕಾದಾಗ ಅಂಕಿಯನ್ನು ಲಾಕ್ ಮಾಡುತ್ತವೆ, ಆಫ್ ಆಗುತ್ತವೆ, ಭಾರ ಮೇಲಿರುವಾಗ ಆನ್ ಮಾಡಿದರೆ ಆ ಭಾರವನ್ನೇ ಸೊನ್ನೆ ಎಂದುಕೊಳ್ಳುತ್ತವೆ. ಹತ್ತಿಸಲು, ಓದಲು ಪ್ರತಿ ಸಲವೂ ಇನ್ನೊಬ್ಬರು ಬೇಕು. ಪವರ್ ಚೇರ್ ಇದ್ದವರು ಇದನ್ನು ಮರೆತುಬಿಡಿ, ಕುರ್ಚಿಯೇ ನೂರು ಕೆ.ಜಿ. ದಾಟಿರಬಹುದು.

ಪ್ಲಾಟ್‌ಫಾರ್ಮ್ ಮಷಿನ್‌ನಲ್ಲಿ ನಾಲ್ಕೂ ಗಾಲಿ ಒಂದೇ ತಟ್ಟೆಯ ಮೇಲೆ ನಿಲ್ಲುವುದರಿಂದ ಈ ರಗಳೆ ಇಲ್ಲ. ಹಿಂದಕ್ಕೆ ಬೀಳದಂತೆ ಹಾಕಿರುವ ಪುಟ್ಟ ಗಾಲಿ ತಟ್ಟೆಯ ಹೊರಗೆ ನೆಲಕ್ಕೆ ತಾಗುತ್ತಿಲ್ಲವೇ, ಕೈ ಗೋಡೆಯ ಕಂಬಿಯನ್ನು ಹಿಡಿದಿಲ್ಲವೇ, ಇಷ್ಟು ನೋಡಿದರೆ ಸಾಕು. ಇಲ್ಲಿ ಮೋಸ ಮಾಡುವುದು ಕುರ್ಚಿಯ ತೂಕ. ಕಂಪನಿ ಬರೆದ ತೂಕದಲ್ಲಿ ಅನೇಕ ಸಲ ಕುಶನ್, ಫುಟ್‌ರೆಸ್ಟ್ ಸೇರಿರುವುದಿಲ್ಲ. ಬೆನ್ನ ಹಿಂದೆ ನೇತುಹಾಕಿದ ಚೀಲ, ಒಂದು ಲೀಟರ್ ನೀರಿನ ಬಾಟಲಿ, ಅರ್ಧ ತುಂಬಿದ ಯೂರಿನ್ ಬ್ಯಾಗ್ ಸೇರಿದರೆ ಎರಡು ಕೆ.ಜಿ. ಹಾಗೇ ಬರುತ್ತದೆ. ಚೀಲ ತೆಗೆದು, ಬ್ಯಾಗ್ ಖಾಲಿ ಮಾಡಿ ತೂಗಿ. ಆಮೇಲೆ ನೀವು ಹಾಸಿಗೆಗೆ ಹೋದಾಗ ಖಾಲಿ ಕುರ್ಚಿಯನ್ನು ಕುಶನ್ ಸಮೇತ ಅದೇ ಮಷಿನ್ ಮೇಲೆ ತೂಗಿ ಕಳೆಯಿರಿ. ಆ ಅಂಕಿಯನ್ನು ಕುರ್ಚಿಯ ಫ್ರೇಮಿಗೆ ಚೀಟಿ ಅಂಟಿಸಿ ಬರೆದಿಡಿ. ಕುಶನ್ ಬದಲಿಸಿದ ದಿನ ಚೀಟಿಯೂ ಬದಲಾಗಬೇಕು. ಕೊಳ್ಳಬಹುದೇ ಎಂದರೆ, ದುಬಾರಿ, ಮತ್ತು ಮನೆಯಲ್ಲಿ ಜಾಗ ತಿನ್ನುತ್ತದೆ. ಆಸ್ಪತ್ರೆಯ ಡಯಾಲಿಸಿಸ್ ಅಥವಾ ಪುನರ್ವಸತಿ ವಿಭಾಗದಲ್ಲಿ ಇದ್ದರೆ ತಿಂಗಳಿಗೊಮ್ಮೆ ಕೇಳಿ ನೋಡಿ.

ಟೇಪನ್ನು ನಾನು ಮೇಲಿಡುವುದು ಅಗ್ಗವೆಂದಷ್ಟೇ ಅಲ್ಲ. ಬೆನ್ನುಹುರಿ ಗಾಯದ ನಂತರ ಕಾಲಿನ ಸ್ನಾಯು ಕರಗುತ್ತದೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ. ತೂಕ ಹಾಗೇ ನಿಂತಿದ್ದರೂ, ಇಳಿದಿದ್ದರೂ ಹೊಟ್ಟೆ ಬೆಳೆಯುತ್ತಿರಬಹುದು. ಇದೇ ಕಾರಣಕ್ಕೆ ಅಂಥವರಲ್ಲಿ ಬಿಎಂಐ 30 ಅಲ್ಲ, 22 ದಾಟಿದರೇ ಬೊಜ್ಜು ಎಂದು ನೋಡಬೇಕೆಂಬ ಸಲಹೆ ಇದೆ. ಸುತ್ತಳತೆಗೆ 94 ಸೆಂ.ಮೀ. ಗಡಿಯನ್ನು ಸೂಚಿಸಿದ್ದಾರೆ.

ಕ್ರಮ ಹೀಗಿರಲಿ. ಮಲವಿಸರ್ಜನೆಯ ದಿನಚರಿ ಮುಗಿದ ಮೇಲೆ, ಮೂತ್ರಕೋಶ ಖಾಲಿ ಇರುವಾಗ, ತಿಂಡಿಗೆ ಮೊದಲು ಅಂಗಾತ ಮಲಗಿ. ಕಟ್ಟಿಕೊಂಡ ಹೊಟ್ಟೆ ಒಂದೆರಡು ಸೆಂ.ಮೀ. ಸುಳ್ಳು ಹೇಳುತ್ತದೆ. ಕೊನೆಯ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಜಾಗ ಗುರುತಿಸಿ, ಬೆನ್ನಡಿ ಟೇಪ್ ತಿರುಚದಂತೆ ತೂರಿಸಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಎರಡು ಸಲ ಅಳೆಯಿರಿ, ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯದು ಬೇಕು. ಕುಳಿತು ಅಳೆದ ಅಂಕಿಯನ್ನು ಮಲಗಿ ಅಳೆದದ್ದರ ಜೊತೆ ಬೆರೆಸಬೇಡಿ, ಕುಳಿತಾಗ ಹೊಟ್ಟೆ ಮುಂದೆ ಜೋತುಬೀಳುತ್ತದೆ. ಸ್ಪರ್ಶವಿಲ್ಲದ ಚರ್ಮಕ್ಕೆ ಟೇಪ್ ಕೊರೆದರೂ ತಿಳಿಯುವುದಿಲ್ಲ, ಬಿಗಿಯಬೇಡಿ. ಹೊಟ್ಟೆಯ ಮೇಲೆ ಸ್ಟೋಮಾ, ಅಂದರೆ ಮಲ ಅಥವಾ ಮೂತ್ರ ಹೊರಹೋಗಲು ಆಪರೇಷನ್ ಮಾಡಿ ಇಟ್ಟ ದಾರಿ, ಇದ್ದರೆ ಅದಕ್ಕಿಂತ ಮೇಲಿನ ಸಾಲನ್ನೇ ಪ್ರತಿ ಸಲ ಹಿಡಿಯಿರಿ.

ಟೇಪಿನ ದೌರ್ಬಲ್ಯ ಎರಡು: ಔಷಧದ ಪ್ರಮಾಣ ಲೆಕ್ಕ ಹಾಕಲು ಡಾಕ್ಟರು ಕೆ.ಜಿ.ಯನ್ನೇ ಕೇಳುತ್ತಾರೆ. ಕಾಲು ಊದಿಕೊಂಡು ನೀರು ತುಂಬಿದ್ದೂ ಇದರಲ್ಲಿ ಕಾಣುವುದಿಲ್ಲ. ಆ ಎರಡಕ್ಕೆ ಪ್ಲಾಟ್‌ಫಾರ್ಮ್ ಬೇಕೇ ಬೇಕು. ಉಳಿದ ವಾರಗಳಿಗೆ ಟೇಪ್ ಸಾಕು; ನಾಲ್ಕು ವಾರದಲ್ಲಿ ಅಂಕಿ ಒಂದು ಸೆಂ.ಮೀ.ಕೂಡ ಇಳಿಯದಿದ್ದರೆ ಆಮೇಲೆ ಊಟದ ತಟ್ಟೆಯ ಕಡೆ ನೋಡಿ.