ಒಂದೇ ಕ್ಯಾಮೆರಾದ ಲೆಕ್ಕ ನಂಬಿ ಹುಡುಗನ ಬೌಲಿಂಗ್ ಕೆಡಿಸಿದೆ, ನೀವು ಹಾಗೆ ಮಾಡಬೇಡಿ

ನಾನು ಸಂಜೆ ಹೊತ್ತು ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬ ಹದಿನಾರರ ಆಫ್ ಸ್ಪಿನ್ನರ್. ಅವನು ಚಕ್ ಮಾಡುತ್ತಾನೆ, ಅಂದರೆ ಬಾಗಿದ ಮೊಣಕೈಯನ್ನು ನೇರ ಮಾಡುತ್ತಾ ಚೆಂಡು ಎಸೆಯುತ್ತಾನೆ ಅಂತ ಎದುರಾಳಿ ತಂಡದವರು ಎರಡು ಸಲ ತಕರಾರು ಎತ್ತಿದ್ದರು. ಸುಮ್ನೆ ವಾದ ಯಾಕೆ, ಅಳೆದೇ ನೋಡೋಣ ಅಂತ ಫೋನನ್ನು ಸ್ಟ್ಯಾಂಡಿಗೆ ಹಾಕಿ, ಪಕ್ಕದಿಂದ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿದೆ. ಆಮೇಲೆ ಭುಜ, ಮೊಣಕೈ, ಮಣಿಕಟ್ಟಿಗೆ ಚುಕ್ಕಿ ಇಟ್ಟು ಹಿಂಬಾಲಿಸುವ ಪೋಸ್ ಟ್ರ್ಯಾಕಿಂಗ್ ಪ್ರೋಗ್ರಾಂಗೆ ಆ ವಿಡಿಯೊ ಕೊಟ್ಟೆ.

ಐಸಿಸಿ ನಿಯಮ ಗೊತ್ತಲ್ವಾ? ತೋಳು ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಕೈ ಬಿಡುವವರೆಗೆ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೇರವಾಗಬಾರದು. ನನ್ನ ವಿಡಿಯೊದಲ್ಲಿ ಅದಕ್ಕೆ ಸಿಕ್ಕಿದ್ದು ಹದಿನೆಂಟು ಫ್ರೇಮ್. ಮೊದಲನೆಯದರಲ್ಲಿ ಕೋನ 152, ಚೆಂಡು ಬಿಡುವಾಗ 176. ವ್ಯತ್ಯಾಸ 24 ಡಿಗ್ರಿ. ಗ್ರಾಫ್ ಎಷ್ಟು ನುಣುಪಾಗಿ ಬಂದಿತ್ತೆಂದರೆ, ಅನುಮಾನವೇ ಬರಲಿಲ್ಲ. ಅವತ್ತೇ ಅವನಿಗೆ ಆಕ್ಷನ್ ಬದಲಿಸು ಅಂದೆ.

ಮೂರು ವಾರ ಕಷ್ಟಪಟ್ಟ. ಚೆಂಡಿನ ತಿರುವು ಹೋಯಿತು, ಭುಜ ನೋಯತೊಡಗಿತು. ಒಂದು ದಿನ ನನ್ನ ಮುಂದೆ ತೋಳು ಚಾಚಿ ನಿಂತ. "ಸರ್, ನನ್ನ ಕೈ ಇದಕ್ಕಿಂತ ನೇರ ಆಗೋದೇ ಇಲ್ಲ" ಅಂದ. ಇನ್ನೊಂದು ಕೈಯಿಂದ ಒತ್ತಿ ತೋರಿಸಿದ. ಮೊಣಕೈ ಬಾಗಿಯೇ ಇತ್ತು. ಕೋನಮಾಪಕ ಇಟ್ಟು ನೋಡಿದೆ, 154. ಮುತ್ತಯ್ಯ ಮುರಳೀಧರನ್ ಅವರ ತೋಳೂ ಹೀಗೇ, ಹುಟ್ಟಿನಿಂದಲೇ ಪೂರ್ತಿ ನೇರವಾಗದ ತೋಳು. ಅಂದರೆ ಪ್ರೋಗ್ರಾಂ ಹೇಳಿದ 176 ಅನ್ನೋದು ಆ ಹುಡುಗನ ಮೈಯಲ್ಲಿ ಸಾಧ್ಯವೇ ಇಲ್ಲದ ಕೋನ. ಇದನ್ನು ಮೊದಲೇ ಅಳೆಯದೆ ಹೋದೆನಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ತಪ್ಪು ಎಲ್ಲಿ ಅಂತ ಒಂದು ತಂತಿ ತುಂಡಿನಲ್ಲಿ ನೋಡಬಹುದು. ತಂತಿಯನ್ನು ನಡುವೆ ಸ್ವಲ್ಪ ಬಗ್ಗಿಸಿ, ದೀಪದ ಮುಂದೆ ಹಿಡಿದು, ಒಂದು ತುದಿಯನ್ನು ಬೆರಳಲ್ಲಿ ನಿಧಾನ ಹೊರಳಿಸಿ. ಗೋಡೆ ಮೇಲಿನ ನೆರಳು ಒಮ್ಮೆ ಬಾಗಿರುತ್ತದೆ, ಒಮ್ಮೆ ನೆಟ್ಟಗಾಗುತ್ತದೆ. ತಂತಿ ಮಾತ್ರ ಬಗ್ಗಿಸಿದ ಹಾಗೇ ಇರುತ್ತದೆ. ಬೌಲಿಂಗ್ ಮಾಡುವಾಗ ತೋಳು ಮೇಲೆ ಬರುತ್ತಾ ತನ್ನ ಸುತ್ತಲೂ ಹೊರಳುತ್ತದೆ. ಒಂದು ಕ್ಯಾಮೆರಾ ಕಾಣುವುದು ಆ ನೆರಳನ್ನು ಮಾತ್ರ. ಕೆಲವು ಪ್ರೋಗ್ರಾಂಗಳು ಆಳದ ಅಂಕಿಯನ್ನೂ ಕೊಡುತ್ತವೆ. ಅದು ಒಂದೇ ಚಿತ್ರ ನೋಡಿ ಮಾಡಿದ ಅಂದಾಜು, ಇಂಥ ತೀರ್ಮಾನಕ್ಕೆ ಸಾಲದು. ಲ್ಯಾಬಿನಲ್ಲಿ ಸುತ್ತಲೂ ಹಲವು ಕ್ಯಾಮೆರಾ ಇಟ್ಟು, ಚರ್ಮದ ಮೇಲೆ ಗುರುತು ಅಂಟಿಸಿ ಅಳೆಯುವುದು ಇದಕ್ಕೇ.

ಈ ಮೋಸ ಹಿಡಿಯುವ ದಾರಿ ನನ್ನ ಫೈಲಿನಲ್ಲೇ ಇತ್ತು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದವನ್ನು ಪ್ರತಿ ಫ್ರೇಮಿನಲ್ಲೂ ಪಿಕ್ಸೆಲ್‌ನಲ್ಲಿ ತೆಗೆದೆ. ಮೊದಲ ಫ್ರೇಮಿನಲ್ಲಿ 96, ಚೆಂಡು ಬಿಡುವಾಗ 86. ಮೂಳೆ ಗಿಡ್ಡವಾಗುತ್ತದೆಯೇ? ಮುಂಗೈ ಕ್ಯಾಮೆರಾ ಕಡೆಗೋ ಆಚೆಗೋ ವಾಲಿದೆ, ಅಷ್ಟೇ. ಆ ಉದ್ದ ಹೀಗೆ ಬದಲಾಗುತ್ತಿದ್ದರೆ ಕೋನದ ಗ್ರಾಫನ್ನು ಪಕ್ಕಕ್ಕಿಡಿ. ಉದ್ದ ಬದಲಾಗದಿದ್ದರೂ ಕೋನ ಸರಿ ಅಂತ ಖಾತ್ರಿಯಿಲ್ಲ, ಆದರೆ ಬದಲಾದರೆ ಆ ಕೋನವನ್ನು ನಂಬುವಂತಿಲ್ಲ.

ಇನ್ನೊಂದು ತಪ್ಪು ಮಸುಕು. ಅವನ ಕೈ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿತ್ತು ಅಂದುಕೊಳ್ಳಿ. ಬೆಳಕು ಕಡಿಮೆಯಿದ್ದು ಶಟರ್ 1/240 ಸೆಕೆಂಡ್ ತೆರೆದಿದ್ದರೆ, ಒಂದೇ ಫ್ರೇಮಿನಲ್ಲಿ ಕೈ 8 ಸೆಂ.ಮೀ.ನಷ್ಟು ಎಳೆದುಕೊಂಡು ಹೋಗಿರುತ್ತದೆ. ನಾನು ಆ ಫ್ರೇಮನ್ನು ದೊಡ್ಡದು ಮಾಡಿ ನೋಡಿದಾಗ ಮಣಿಕಟ್ಟು ಇದ್ದ ಕಡೆ ಬರೀ ಬೂದು ಪಟ್ಟಿ. ಚುಕ್ಕಿ ಮಾತ್ರ ಅದರೊಳಗೆ ಎಲ್ಲೋ ಕೂತಿತ್ತು. 25 ಸೆಂ.ಮೀ. ಮುಂಗೈಯಲ್ಲಿ ಮಣಿಕಟ್ಟಿನ ಚುಕ್ಕಿ 4 ಸೆಂ.ಮೀ. ಪಕ್ಕಕ್ಕೆ ಸರಿದರೆ ಸಾಕು, ಕೋನ 9 ಡಿಗ್ರಿ ತಪ್ಪುತ್ತದೆ. 15ರ ಗೆರೆಗೆ 9 ಅಂದರೆ ಚಿಕ್ಕದಲ್ಲ. ಪ್ರೋಗ್ರಾಂ ಫ್ರೇಮಿನಿಂದ ಫ್ರೇಮಿಗೆ ಚುಕ್ಕಿಗಳನ್ನು ನಯ ಮಾಡುವುದರಿಂದ ಈ ಅಲುಗಾಟ ಗ್ರಾಫಿನಲ್ಲಿ ಕಾಣುವುದೂ ಇಲ್ಲ. ನನ್ನ ನುಣುಪು ಗ್ರಾಫಿನ ಗುಟ್ಟು ಅದೇ ಇರಬೇಕು. ಚಿತ್ರೀಕರಿಸುವುದೇ ಆದರೆ ಒಳ್ಳೆ ಬಿಸಿಲಿನಲ್ಲಿ, ಶಟರನ್ನು ಕೈಯಾರೆ 1/2000ಕ್ಕೆ ಇಟ್ಟು ಮಾಡಿ. ಆಗ ಮಸುಕು 1 ಸೆಂ.ಮೀ.ಗೆ ಇಳಿಯುತ್ತದೆ. ಆದರೆ ತಂತಿಯ ನೆರಳಿನಲ್ಲಿ ಕಂಡ ಸಮಸ್ಯೆ ಅದರಿಂದ ಹೋಗುವುದಿಲ್ಲ.

ಫೋನ್ ವಿಡಿಯೊ ಬೇಡ ಅಂತ ನಾನು ಹೇಳುತ್ತಿಲ್ಲ. ಮುಂಗಾಲು ಎಲ್ಲಿ ಬಿತ್ತು, ಚೆಂಡು ಯಾವ ಫ್ರೇಮಿನಲ್ಲಿ ಕೈ ಬಿಟ್ಟಿತು, ಇವನ್ನು ಈಗಲೂ ಅದರಲ್ಲೇ ನೋಡುತ್ತೇನೆ. ಮೊಣಕೈ ಎಷ್ಟು ಡಿಗ್ರಿ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ. ಹುಡುಗನ ಹತ್ತಿರ ತಪ್ಪು ನನ್ನದು ಅಂತ ಹೇಳಿದ್ದೇನೆ. ಭುಜದ ನೋವು ಹೋಗುವವರೆಗೆ ಬೌಲಿಂಗ್ ನಿಲ್ಲಿಸಿದ್ದಾನೆ. ಆಮೇಲೆ ಅವನ ಹಳೇ ಆಕ್ಷನ್‌ಗೇ ಹೋಗುತ್ತಾನೆ.