ಚರ್ಮದ ಬಣ್ಣ ಅಳೆಯಲು: ಗಾಜಿನ ಬಿಲ್ಲೆಯೋ, ಪ್ರತಿಫಲನ ಮಾಪಕವೋ?

ಕಲಬುರಗಿಯ ತೊಗರಿ ಹೊಲಗಳಲ್ಲಿ ದುಡಿಯುವವರ ಚರ್ಮ ಬಿಸಿಲಿಗೆ ಎಷ್ಟು ಕಪ್ಪಾಗಿದೆ ಎಂದು ಅಳೆಯಲು ಹೊರಟವರು ಮಾಪಕವನ್ನೇ ಆರಿಸಬೇಕು. ಹಿಂದೆ ಮಾನವಶಾಸ್ತ್ರಜ್ಞ ಫೆಲಿಕ್ಸ್ ಫಾನ್ ಲುಶಾನ್ ರೂಪಿಸಿದ 36 ಗಾಜಿನ ಬಿಲ್ಲೆಗಳನ್ನು ಚರ್ಮದ ಪಕ್ಕ ಹಿಡಿದು, ಹೊಂದುವ ಬಿಲ್ಲೆಯ ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದರು. ಅಂಗಳದಲ್ಲಿ ಒಂದು ಸಂಖ್ಯೆ, ಪಡಸಾಲೆಯಲ್ಲಿ ಇನ್ನೊಂದು. ನೋಡುವವರು ಬದಲಾದರೂ ಅದೇ ಪಾಡು.

ಮಾಪಕ ತನ್ನದೇ ಬೆಳಕು ಬೀರಿ, ಎಷ್ಟು ಮರಳಿತೆಂದು ಅಳೆಯುತ್ತದೆ. ಕೆಂಪು ಬೆಳಕನ್ನು ರಕ್ತ ಹೆಚ್ಚು ಹೀರುವುದಿಲ್ಲವಾದ್ದರಿಂದ, ಚರ್ಮವನ್ನು ಕಪ್ಪಾಗಿಸುವ ವರ್ಣದ್ರವ್ಯವಾದ ಮೆಲನಿನ್‌ನ ಅಂದಾಜಿಗೆ ಅದೇ ಸೂಕ್ತ. ಬಿಸಿಲು ಕಾಣದ ಒಳತೋಳಿನಿಂದ ಶೇ 25, ಮುಂಗೈಯ ಹೊರಭಾಗದಿಂದ ಶೇ 16 ಬೆಳಕು ಮರಳಿತೆನ್ನಿ: ಮರಳುವ ಬೆಳಕು ಕಡಿಮೆಯಾದಷ್ಟೂ ಏರುವ ಮೆಲನಿನ್ ಸೂಚ್ಯಂಕ ಕ್ರಮವಾಗಿ ಸುಮಾರು 60 ಮತ್ತು 80. ಈ ವ್ಯತ್ಯಾಸದ ಬಹುಪಾಲು ಬಿಸಿಲಿನದು. ಬಿಲ್ಲೆಗಳಿಂದ ಇಂಥ ಲೆಕ್ಕ ದಕ್ಕದು.

ಅಳೆಯುವ ಮೊದಲು ಬಿಳಿ ಫಲಕದ ಮೇಲೆ ಮಾಪಕವನ್ನು ಸರಿಹೊಂದಿಸಿ. ತುದಿಯನ್ನು ಒತ್ತಿ ಹಿಡಿಯಬೇಡಿ, ರಕ್ತ ಸರಿದು ಅಳತೆ ಕೆಡುತ್ತದೆ.