ಸರ್ಟಿಫಿಕೇಟ್ ಅಸಲಿ, ನಂಬರ್ ಮಾತ್ರ ಸತ್ತಿತ್ತು

ಬ್ಯಾಂಕಿಗೆ ಹೊಸದಾಗಿ ಸೇರಿ ಕರೆಂಟ್ ಅಕೌಂಟ್ ತೆರೆಯುವ ಕೌಂಟರ್‌ನಲ್ಲಿ ಕೂತಿರುವವರು ಇದನ್ನು ಓದಿ. ದಾವಣಗೆರೆಯ ಶಾಖೆಯೊಂದರಲ್ಲಿ ನಾನು ಕ್ಲರ್ಕ್ ಆಗಿ ಸೇರಿ ಐದು ತಿಂಗಳೂ ತುಂಬಿರಲಿಲ್ಲ, ಕೈಗೆ ಮೆಮೊ ಬಂತು.

ಮೆಕ್ಕೆಜೋಳದ ಸೀಸನ್. ಎಪಿಎಂಸಿ ಕಡೆಯ ವ್ಯಾಪಾರಿಯೊಬ್ಬರು ಬಂದರು. ಟ್ರೇಡರ್ಸ್ ಹೆಸರಿನಲ್ಲಿ ಅಕೌಂಟ್ ಬೇಕು, ಮಾಲೀಕ ತಾನೊಬ್ಬನೇ ಅಂದರು. ಪಾನ್, ಆಧಾರ್, ಜಿಎಸ್‌ಟಿ ಸರ್ಟಿಫಿಕೇಟ್, ಉದ್ಯಮ್ ಸರ್ಟಿಫಿಕೇಟ್ ಎಲ್ಲವೂ ತಂದಿದ್ದರು. ಒಬ್ಬನೇ ಮಾಲೀಕನ ವ್ಯಾಪಾರ ಅಂದರೆ ವ್ಯಾಪಾರದ ಪುರಾವೆಗೆ ಎರಡು ದಾಖಲೆ ಸಾಕು. ಎರಡೂ ಇದ್ದವು. "ಎಲ್ಲಾ ಸರಿ ಐತಲ್ರಿ ಸರ?" ಅಂತ ಕೇಳಿದರು. ಸರಿಯಾಗೇ ಇತ್ತು.

ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದನ್ನೂ ನೋಡಿದೆ. ಪಾನ್‌ನ ನಾಲ್ಕನೇ ಅಕ್ಷರ P ಇದ್ದರೆ ವ್ಯಕ್ತಿ, F ಇದ್ದರೆ ಪಾಲುದಾರಿಕೆ ಸಂಸ್ಥೆ, C ಇದ್ದರೆ ಕಂಪನಿ. ಜಿಎಸ್‌ಟಿ ನಂಬರ್‌ನಲ್ಲಿ ಮೊದಲು ರಾಜ್ಯದ 29, ಆಮೇಲೆ ಪಾನ್‌ನ ಹತ್ತು ಅಕ್ಷರ ಬರುತ್ತವೆ. ಹಾಗಾಗಿ ಅಲ್ಲಿ ಆರನೇ ಅಕ್ಷರ ನೋಡಬೇಕು. ಅವರದ್ದರಲ್ಲಿ P ಇತ್ತು. ಒರಿಜಿನಲ್ ಜೊತೆ ಹೋಲಿಸಿ ಸಹಿ ಹಾಕಿದೆ. ಅಂಗಡಿಗೂ ಹೋದೆ. ಬೋರ್ಡ್ ಮುಂದೆ ನಿಂತು ಫೋಟೋ ತೆಗೆದೆ, ಚಹಾ ಕುಡಿದು ಬಂದೆ.

ಎರಡು ತಿಂಗಳ ಮೇಲೆ ಇನ್ನೊಬ್ಬರು ಬಂದರು, ಕೈಯಲ್ಲಿ ಪಾಲುದಾರಿಕೆ ಪತ್ರ. ಅದೇ ಟ್ರೇಡರ್ಸ್, ಅದೇ ಅಂಗಡಿ. ನಮ್ಮ ಗ್ರಾಹಕರ ಭಾವಮೈದ ಇವರು, ಅರ್ಧ ಪಾಲುದಾರ. ಸಂಸ್ಥೆಯ ನಿಜವಾದ ಅಕೌಂಟ್ ಬೇರೆ ಬ್ಯಾಂಕಿನಲ್ಲಿತ್ತು. ಮಾಲು ಕೊಂಡವರು ಸಂಸ್ಥೆಯ ಹೆಸರಿಗೆ ಬರೆದ ಮೂರು ಚೆಕ್, ಒಟ್ಟು 7,82,000 ರೂಪಾಯಿ, ನಮ್ಮಲ್ಲಿ ಜಮಾ ಆಗಿ ಖಾಲಿಯೂ ಆಗಿತ್ತು. ಚೆಕ್ ಮೇಲಿನ ಹೆಸರಿಗೂ ಅಕೌಂಟ್ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇಲ್ಲ, ಹೇಗೆ ತಡೆಯೋದು?

ಹಾಗಾದರೆ ಆ ಸರ್ಟಿಫಿಕೇಟ್ ಖೋಟಾನಾ? ಅಲ್ಲ. ಮೊದಲು ಅದು ಒಬ್ಬರದೇ ವ್ಯಾಪಾರವಾಗಿತ್ತು. ಭಾವಮೈದ ಸೇರಿದ ಮೇಲೆ ಪಾಲುದಾರಿಕೆ ಆಯಿತು, ಅದಕ್ಕೆ ಬೇರೆ ಪಾನ್ ಬಂತು. ಪಾನ್ ಬದಲಾದರೆ ಹಳೇ ಜಿಎಸ್‌ಟಿ ನಂಬರ್ ತಿದ್ದೋಕೆ ಬರಲ್ಲ, ಹೊಸದಾಗಿಯೇ ನೋಂದಣಿ ಆಗಬೇಕು. ಹಳೆಯದನ್ನು ರದ್ದು ಮಾಡಿಸಿದ್ದರು. ಆದರೆ ನಂಬರ್ ರದ್ದಾದರೂ ಮನೆಯಲ್ಲಿರುವ ಪ್ರಿಂಟ್ ಮೇಲೆ ರದ್ದು ಅಂತ ತಾನಾಗಿ ಮೂಡುತ್ತಾ? ಉದ್ಯಮ್ ಸರ್ಟಿಫಿಕೇಟೂ ಆ ಕಾಲದ್ದೇ. ಅದು ವ್ಯಾಪಾರಿ ತಾನೇ ಘೋಷಿಸಿಕೊಂಡು ಪಡೆಯುವ ಕಾಗದ ಬೇರೆ.

ನಾನು ಬಿಟ್ಟಿದ್ದು ಎರಡೇ ನಿಮಿಷದ ಕೆಲಸ. services.gst.gov.in ನಲ್ಲಿ Search Taxpayer ಒತ್ತಿ ನಂಬರ್ ಹಾಕಿದರೆ ಲಾಗಿನ್ ಇಲ್ಲದೆಯೇ ವಿವರ ಬರುತ್ತದೆ. ಅಲ್ಲಿ ಮೊದಲು Status ನೋಡಿ, Active ಅಂತಿರಬೇಕು. ಆಮೇಲೆ Constitution of Business. ಆಮೇಲೆ Legal Name: ಒಬ್ಬನೇ ಮಾಲೀಕ ಆದರೆ ಅಲ್ಲಿ ಆ ಮನುಷ್ಯನ ಹೆಸರೇ ಇರುತ್ತದೆ, ಅಂಗಡಿ ಹೆಸರು Trade Name ಹತ್ತಿರ ಬರುತ್ತದೆ. ಪಾಲುದಾರಿಕೆ ಆದರೆ Legal Name ಜಾಗದಲ್ಲೇ ಸಂಸ್ಥೆಯ ಹೆಸರು.

Cancelled ಅಂತ ಬಂದ ಕೂಡಲೇ ಮೋಸ ಅಂತ ಹಾರಬೇಡಿ. ರಿಟರ್ನ್ ಸಲ್ಲಿಸದೆ ನೋಂದಣಿ ರದ್ದಾಗಿರುವವರು ಬೇಕಾದಷ್ಟು ಜನ ಇದ್ದಾರೆ. "ಹಾಗಾದರೆ ಈಗ ಯಾವ ನಂಬರ್ ಮೇಲೆ ಬಿಲ್ ಹಾಕ್ತೀರಿ? ಈ ವಾರದ ಒಂದು ಬಿಲ್ ತೋರಿಸಿ" ಅಂತ ಕೇಳಿ. ಅವರ ಪಾನ್ ಹಾಕಿ ಹುಡುಕಿದರೆ ಸಾಲದು. ಸಂಸ್ಥೆಯ ಪಾನ್ ಬೇರೆ ಆಗಿರುವುದರಿಂದ ಹೊಸ ನೋಂದಣಿ ಅಲ್ಲಿ ಕಾಣುವುದೇ ಇಲ್ಲ. ಬಿಲ್‌ನಲ್ಲಿ ಆರನೇ ಅಕ್ಷರ F ಬಂತೋ, ಅಲ್ಲಿಗೆ ನಿಲ್ಲಿಸಿ. ಸಂಸ್ಥೆಯ ಪಾನ್, ಪಾಲುದಾರಿಕೆ ಪತ್ರ, ನೋಂದಣಿ ಪತ್ರ, ಎಲ್ಲ ಪಾಲುದಾರರ ಹೆಸರು ಬರುವ ತನಕ ಫಾರಂ ಮುಂದಕ್ಕೆ ಹೋಗಬಾರದು. ಸರ್ಟಿಫಿಕೇಟ್ ತಂದರೆ ಮೊದಲ ಪುಟ ಮಾತ್ರ ತಗೋಬೇಡಿ, ಮಾಲೀಕರ ಅಥವಾ ಪಾಲುದಾರರ ಹೆಸರು ಇರುವುದು ಹಿಂದಿನ ಅನೆಕ್ಸರ್ ಬಿ ಯಲ್ಲಿ.

ನಮ್ಮ ಮ್ಯಾನೇಜರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಬೇರೆಯವರ ಚೆಕ್ ಜಮಾ ಮಾಡಿಕೊಂಡ ಬ್ಯಾಂಕಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 131ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಆದರೆ ನಿರ್ಲಕ್ಷ್ಯ ಇಲ್ಲದಿದ್ದರೆ ಮಾತ್ರ. "ಅಕೌಂಟ್ ತೆರೆಯುವಾಗಲೇ ಕಣ್ಣು ಮುಚ್ಚಿಕೊಂಡಿದ್ರೆ ಯಾವ ಮುಖ ಇಟ್ಕೊಂಡು ಆ ಸೆಕ್ಷನ್ ಕೇಳೋದು ಹೇಳಪ್ಪಾ?" ಹಣ ಯಾರು ತುಂಬಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು. ಜಿಎಸ್‌ಟಿ ನಂಬರನ್ನು ಅಂಗಡಿಯ ಬೋರ್ಡ್ ಮೇಲೆ ಬರೆಸಬೇಕು ಅಂತ ನಿಯಮ ಇದೆ. ಮೆಮೊಗೆ ಉತ್ತರ ಬರೆಯಲು ಕೂತಾಗ ನಾನು ತೆಗೆದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬೋರ್ಡಿನ ಕೆಳಗೆ, ಹಳದಿ ಬಣ್ಣದಲ್ಲಿ, ಹೊಸ ನಂಬರ್. ಆರನೇ ಅಕ್ಷರ F.